ಇಬ್ಬರು ಚಾಲಕರ ಸಂಯುಕ್ತ ನಿರ್ಲಕ್ಷ್ಯ ಮತ್ತು ಪ್ರಯಾಣಿಕನ ಪರಿಹಾರ

ಜಂಟಿ ಮತ್ತು ಪ್ರತ್ಯೇಕ ಹೊಣೆಗಾರಿಕೆ ಎಂಬುದು ಅಪಕೃತ್ಯ ಕಾನೂನಿನ ಒಂದು ತತ್ತ್ವ. ಇಬ್ಬರು ಅಥವಾ ಹೆಚ್ಚು ಜನರ ತಪ್ಪಿನಿಂದ ಒಬ್ಬ ವ್ಯಕ್ತಿಗೆ ಬಿಡಿಸಲಾಗದ ಒಂದೇ ಹಾನಿ ಉಂಟಾದಾಗ, ಆ ತಪ್ಪಿತಸ್ಥರು ಒಟ್ಟಾಗಿಯೂ ಹೊಣೆಗಾರರು, ಪ್ರತಿಯೊಬ್ಬರೂ ಪೂರ್ಣ ಮೊತ್ತಕ್ಕೂ ಹೊಣೆಗಾರರು ಎಂದು ಈ ತತ್ತ್ವ ಹೇಳುತ್ತದೆ. ಹಾನಿಗೊಳಗಾದವನು ಎಲ್ಲರಿಂದಲೂ ಪರಿಹಾರ ಕೇಳಬಹುದು, ಅಥವಾ ತನಗೆ ಬೇಕಾದ ಒಬ್ಬರಿಂದಲೇ ಪೂರ್ತಿಯಾಗಿ ವಸೂಲು ಮಾಡಬಹುದು. ಆದರೆ ಒಟ್ಟಾರೆ ಅವನಿಗೆ ಸಿಗುವುದು ಒಂದು ಪೂರ್ಣ ಪರಿಹಾರ ಮಾತ್ರ. ಹಣ ಕೊಟ್ಟವನು ಉಳಿದವರ ಪಾಲನ್ನು ಅವರಿಂದ ಪಡೆಯುವುದು ತಪ್ಪಿತಸ್ಥರ ನಡುವಿನ ವ್ಯವಹಾರ. ಹಾನಿಗೊಳಗಾದವನು ಅದಕ್ಕಾಗಿ ಕಾಯಬೇಕಾಗಿಲ್ಲ.

ಭಾರತದಲ್ಲಿ ಈ ತತ್ತ್ವ ಹೆಚ್ಚಾಗಿ ಬಳಕೆಯಾಗುವುದು ಮೋಟಾರು ಅಪಘಾತ ಪ್ರಕರಣಗಳಲ್ಲಿ. ಎರಡು ವಾಹನಗಳ ಚಾಲಕರಿಬ್ಬರೂ ಅಜಾಗರೂಕರಾಗಿದ್ದು, ಅವುಗಳಲ್ಲೊಂದರಲ್ಲಿ ಕುಳಿತಿದ್ದ ಪ್ರಯಾಣಿಕ ಗಾಯಗೊಂಡರೆ ಅದನ್ನು ಸಂಯುಕ್ತ ನಿರ್ಲಕ್ಷ್ಯ ಎನ್ನುತ್ತಾರೆ. ನ್ಯಾಯಾಲಯದ ಆವರಣದಲ್ಲಿ ಕೇಳಿಬರುವ ಹೆಸರು ಕಾಂಪೋಸಿಟ್ ನೆಗ್ಲಿಜೆನ್ಸ್. ಈ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯವು ಖೆನ್ಯೇಯಿ ವಿರುದ್ಧ ನ್ಯೂ ಇಂಡಿಯಾ ಅಶ್ಯೂರೆನ್ಸ್ ಕಂಪನಿ ಪ್ರಕರಣದಲ್ಲಿ 2015ರಲ್ಲಿ ನೀಡಿದ ತೀರ್ಪು ಈಗ ಆಧಾರವಾಗಿದೆ.

ಎರಡು ಬಗೆಯ ನಿರ್ಲಕ್ಷ್ಯ

ಸಂಯುಕ್ತ ನಿರ್ಲಕ್ಷ್ಯವನ್ನು ಸಹಭಾಗಿ ನಿರ್ಲಕ್ಷ್ಯದಿಂದ, ಅಂದರೆ ಕಾಂಟ್ರಿಬ್ಯೂಟರಿ ನೆಗ್ಲಿಜೆನ್ಸ್‌ನಿಂದ, ಬೇರ್ಪಡಿಸಿ ನೋಡಬೇಕು. ಇವೆರಡನ್ನು ಬೆರೆಸಿದ್ದರಿಂದಲೇ ಎಷ್ಟೋ ಪ್ರಯಾಣಿಕರ ಪರಿಹಾರ ಅನ್ಯಾಯವಾಗಿ ಕಡಿತಗೊಂಡಿದೆ.

ಪರಿಹಾರ ಕೇಳುವವನೇ ತನ್ನ ಗಾಯಕ್ಕೆ ಒಂದಿಷ್ಟು ಕಾರಣನಾಗಿದ್ದರೆ ಅದು ಸಹಭಾಗಿ ನಿರ್ಲಕ್ಷ್ಯ. ಎದುರುಬದುರಾಗಿ ಬಂದ ಕಾರು ಮತ್ತು ಲಾರಿ ಡಿಕ್ಕಿಯಾಗಿ ಕಾರಿನ ಚಾಲಕನೇ ಅರ್ಜಿ ಹಾಕಿದ್ದಾನೆ, ಅವನದೂ ಶೇಕಡ 40ರಷ್ಟು ತಪ್ಪಿದೆ ಎನ್ನೋಣ. ಅವನಿಗೆ ನಿಗದಿಯಾದ ಮೊತ್ತದಲ್ಲಿ ಶೇಕಡ 40 ಕಡಿತವಾಗುತ್ತದೆ, ಏಕೆಂದರೆ ತನ್ನ ತಪ್ಪಿನ ಬೆಲೆಯನ್ನು ಬೇರೆಯವರಿಂದ ಕೇಳಲಾಗದು. ಆದರೆ ಅದೇ ಕಾರಿನ ಹಿಂದಿನ ಸೀಟಿನಲ್ಲಿ ಕುಳಿತವನು ವಾಹನ ನಡೆಸುತ್ತಿರಲಿಲ್ಲ. ಅವನ ಮಟ್ಟಿಗೆ ಇಬ್ಬರು ಚಾಲಕರೂ ಹೊರಗಿನವರು, ಇಬ್ಬರೂ ತಪ್ಪಿತಸ್ಥರು. ಅವನ ಪಾಲಿಗೆ ಇದು ಸಂಯುಕ್ತ ನಿರ್ಲಕ್ಷ್ಯ. ಅವನ ಮೊತ್ತದಲ್ಲಿ ಕಡಿತಕ್ಕೆ ಎಡೆಯಿಲ್ಲ. ಹೀಗೆ ಒಂದೇ ಅಪಘಾತದಿಂದ ಹುಟ್ಟಿದ, ಒಂದೇ ದಿನ ತೀರ್ಮಾನವಾದ ಎರಡು ಅರ್ಜಿಗಳಲ್ಲಿ ಒಂದಕ್ಕೆ ಕಡಿತವಿದ್ದು ಇನ್ನೊಂದಕ್ಕೆ ಇಲ್ಲದಿರುವುದು ವಿರೋಧಾಭಾಸವಲ್ಲ. ಈ ವ್ಯತ್ಯಾಸವನ್ನು ಸರ್ವೋಚ್ಚ ನ್ಯಾಯಾಲಯವು ಟಿ. ಓ. ಆಂಟನಿ ವಿರುದ್ಧ ಕಾರ್ವರ್ಣನ್ ಪ್ರಕರಣದಲ್ಲಿ 2008ರಲ್ಲಿ ಬಿಡಿಸಿ ಹೇಳಿದೆ.

ಪ್ರಯಾಣಿಕನೆಂದ ಮಾತ್ರಕ್ಕೆ ಅವನು ಸದಾ ನಿರ್ದೋಷಿ ಎಂದಲ್ಲ. ಚಲಿಸುತ್ತಿರುವ ಬಸ್ಸಿನಿಂದ ಇಳಿಯಲು ಹೋದವನ ನಡತೆ ಅವನ ಗಾಯಕ್ಕೆ ಕಾರಣವಾಗಿರಬಹುದು, ಆಗ ಅಷ್ಟರ ಮಟ್ಟಿಗೆ ಕಡಿತ ನ್ಯಾಯವೇ. ಆದರೆ ನಿಯಮ ಮುರಿದಿದ್ದು ಮತ್ತು ಗಾಯಕ್ಕೆ ಕಾರಣವಾಗಿದ್ದು ಒಂದೇ ಅಲ್ಲ. ಬೈಕಿನಲ್ಲಿ ಮೂವರು ಸವಾರಿ ಮಾಡಿದ್ದರು ಎಂಬ ಕಾರಣಕ್ಕೆ ಹಿಂಬದಿ ಸವಾರನ ಪರಿಹಾರವನ್ನು ಕಡಿತಗೊಳಿಸಿದ್ದ ಒಂದು ಪ್ರಕರಣದಲ್ಲಿ, ಮೂವರು ಕುಳಿತದ್ದರಿಂದಲೇ ಅಪಘಾತವಾಯಿತು ಅಥವಾ ಅದರಿಂದ ಪೆಟ್ಟು ಹೆಚ್ಚಾಯಿತು ಎಂಬುದಕ್ಕೆ ಸಾಕ್ಷ್ಯ ಬೇಕು ಎಂದು ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ಮೊಹಮ್ಮದ್ ಸಿದ್ದಿಕ್ ಪ್ರಕರಣದಲ್ಲಿ ಹೇಳಿತು. ದಂಡ ಕಟ್ಟಬೇಕಾದ ತಪ್ಪೆಲ್ಲವೂ ಪರಿಹಾರ ಕಳೆದುಕೊಳ್ಳುವ ತಪ್ಪಾಗುವುದಿಲ್ಲ.

ತತ್ತ್ವದ ಹಿನ್ನೆಲೆ

ಪ್ರಯಾಣಿಕನನ್ನು ಅವನ ಚಾಲಕನಿಂದ ಬೇರೆಯಾಗಿ ನೋಡಬೇಕೆಂಬುದು ಇಂದು ಸಹಜವೆನಿಸಿದರೂ ಇಂಗ್ಲೆಂಡಿನ ಕಾನೂನು ಅಲ್ಲಿಗೆ ತಲುಪಲು ಸಮಯ ಹಿಡಿಯಿತು. 1849ರ ಥರೋಗುಡ್ ವಿರುದ್ಧ ಬ್ರಯನ್ ಪ್ರಕರಣದಲ್ಲಿ ಕುದುರೆ ಎಳೆಯುವ ಸಾರ್ವಜನಿಕ ಬಂಡಿಯಿಂದ ಇಳಿಯುತ್ತಿದ್ದ ಪ್ರಯಾಣಿಕನೊಬ್ಬ ಇನ್ನೊಂದು ಬಂಡಿಗೆ ಸಿಕ್ಕಿ ಸತ್ತಿದ್ದ. ತನ್ನ ಬಂಡಿಯನ್ನು ಆರಿಸಿಕೊಂಡು ಹತ್ತಿದ ಪ್ರಯಾಣಿಕ ಅದರ ಚಾಲಕನೊಂದಿಗೆ ಒಂದಾಗುತ್ತಾನೆ, ಆದ್ದರಿಂದ ಆ ಚಾಲಕನ ತಪ್ಪು ಅವನದೂ ಹೌದು ಎಂಬುದು ಅಂದಿನ ತರ್ಕ. ಅಂದಿನ ಇಂಗ್ಲಿಷ್ ಕಾನೂನಿನಲ್ಲಿ ಅರ್ಜಿದಾರನ ಅಲ್ಪ ತಪ್ಪೂ ದಾವೆಯನ್ನು ಪೂರ್ತಿ ಮುಳುಗಿಸುತ್ತಿದ್ದುದರಿಂದ, ಎರಡನೆಯ ಬಂಡಿಯವನಿಂದ ಏನೂ ಸಿಗಲಿಲ್ಲ.

ಈ ತರ್ಕವನ್ನು ಲಾರ್ಡ್ಸ್ ಸಭೆ 1888ರಲ್ಲಿ ಬರ್ನೀನ ಎಂಬ ಹಡಗಿನ ಪ್ರಕರಣದಲ್ಲಿ ತಳ್ಳಿಹಾಕಿತು. ಬರ್ನೀನ ಮತ್ತು ಬುಷೈರ್ ಎಂಬ ಹಡಗುಗಳು ಎರಡೂ ಕಡೆಯ ತಪ್ಪಿನಿಂದ ಡಿಕ್ಕಿಯಾಗಿದ್ದವು. ಬುಷೈರ್‌ನಲ್ಲಿದ್ದು ಸತ್ತವರಲ್ಲಿ ಹಡಗಿನ ನಡೆಗೆ ಯಾವ ರೀತಿಯಲ್ಲೂ ಕಾರಣರಲ್ಲದವರಿದ್ದರು. ಪ್ರಯಾಣಿಕನಿಗೆ ಚಾಲನೆಯ ಮೇಲೆ ಹಿಡಿತವಿಲ್ಲ, ಆದ್ದರಿಂದ ಆ ತಪ್ಪನ್ನು ಅವನ ತಲೆಗೆ ಕಟ್ಟಲಾಗದು ಎಂದು ಸಭೆ ಹೇಳಿತು. ಇಂದಿಗೂ ಬೈಕಿನ ಹಿಂಬದಿ ಸವಾರನ ವಿರುದ್ಧ ‘ನಿನ್ನ ಬೈಕಿನವನದೂ ತಪ್ಪಿದೆ’ ಎಂಬ ವಾದ ಎದ್ದಾಗ ಮೇಲೆ ಬರುವುದು ನೂರೈವತ್ತು ವರ್ಷಕ್ಕೂ ಹಳೆಯ ಬಂಡಿಯ ಅದೇ ತರ್ಕ.

ಇನ್ನೊಂದು ಅಡಚಣೆ ತಪ್ಪಿತಸ್ಥರ ನಡುವಿನದು. 1799ರ ಮೆರಿವೆದರ್ ವಿರುದ್ಧ ನಿಕ್ಸನ್ ತೀರ್ಪಿನಂತೆ ಪೂರ್ಣ ಹಣ ತೆತ್ತ ತಪ್ಪಿತಸ್ಥ ಇನ್ನೊಬ್ಬನಿಂದ ಅವನ ಪಾಲನ್ನು ಕೇಳುವಂತಿರಲಿಲ್ಲ. ಹೀಗೆ ಸಿಕ್ಕಿಬಿದ್ದವನು ಎಲ್ಲ ಭಾರ ಹೊತ್ತು, ತಪ್ಪಿಸಿಕೊಂಡವನು ಪಾರಾಗುತ್ತಿದ್ದ. ಇಂಗ್ಲೆಂಡಿನಲ್ಲಿ ಇದನ್ನು 1935ರ ಶಾಸನ ಬದಲಿಸಿತು. ಭಾರತದಲ್ಲಿ ಅಂಥ ಶಾಸನವಿಲ್ಲವಾದರೂ, ಮೆರಿವೆದರ್ ನಿಯಮ ನ್ಯಾಯಸಮ್ಮತವಲ್ಲ, ಅದನ್ನು ಇಲ್ಲಿ ಅನುಸರಿಸಬೇಕಾಗಿಲ್ಲ ಎಂದು ಅಲಹಾಬಾದ್ ಉಚ್ಚ ನ್ಯಾಯಾಲಯ 1951ರಲ್ಲಿ ಧರ್ಣಿಧರ್ ಪ್ರಕರಣದಲ್ಲಿ ಹೇಳಿತು.

ಶಾಸ್ತ್ರೀಯವಾಗಿ ನೋಡಿದರೆ ಡಿಕ್ಕಿ ಹೊಡೆದ ಇಬ್ಬರು ಚಾಲಕರು ‘ಜಂಟಿ ಅಪಕೃತ್ಯಕಾರರು’ ಅಲ್ಲ. ಅವರು ಕೂಡಿ ಏನನ್ನೂ ಯೋಜಿಸಿರುವುದಿಲ್ಲ. ಬೇರೆಬೇರೆ ತಪ್ಪು ಮಾಡಿ ಒಂದೇ ಹಾನಿಗೆ ಕಾರಣರಾಗಿರುತ್ತಾರೆ. ಈ ಭೇದವನ್ನು ಇಂಗ್ಲಿಷ್ ನ್ಯಾಯಾಲಯ 1924ರಲ್ಲಿ ಕೂರ್ಸ್ಕ್ ಹಡಗಿನ ಪ್ರಕರಣದಲ್ಲಿ ಗುರುತಿಸಿತ್ತು. ಭಾರತದ ತೀರ್ಪುಗಳು ಇಬ್ಬರನ್ನೂ ಜಂಟಿ ಅಪಕೃತ್ಯಕಾರರು ಎಂದೇ ಕರೆಯುತ್ತವೆ. ಪೂರ್ಣ ಮೊತ್ತದ ಹೊಣೆ ಎರಡೂ ಬಗೆಯವರಿಗೆ ಇರುವುದರಿಂದ ಪ್ರಯಾಣಿಕನ ಹಕ್ಕಿಗೆ ಇದರಿಂದ ಬಾಧೆಯಿಲ್ಲ.

ಒಂದು ಉದಾಹರಣೆ

ತತ್ತ್ವ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಒಂದು ಕಲ್ಪಿತ ಪ್ರಕರಣದಿಂದ ತಿಳಿಯಬಹುದು. ಕೆಟ್ಟುನಿಂತ ಲಾರಿಯೊಂದನ್ನು ಚಾಲಕ ರಾತ್ರಿ ಹೆದ್ದಾರಿಯ ಟಾರಿನ ಮೇಲೆಯೇ ಬಿಟ್ಟಿದ್ದಾನೆ. ಹಿಂದಿನ ದೀಪ ಉರಿಯುತ್ತಿಲ್ಲ, ಎಚ್ಚರಿಕೆಯ ತ್ರಿಕೋನ ಫಲಕವನ್ನೂ ಇಟ್ಟಿಲ್ಲ. ಅತಿ ವೇಗವಾಗಿ ಬಂದ ಬೈಕ್ ಅದರ ಹಿಂಭಾಗಕ್ಕೆ ಗುದ್ದುತ್ತದೆ. ಸವಾರನಿಗೆ ಗಾಯವಾಗುತ್ತದೆ; ಹಿಂದೆ ಕುಳಿತಿದ್ದ ಅವನ ಸ್ನೇಹಿತನ ಒಂದು ಕಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಬೇಕಾಗುತ್ತದೆ. ಲಾರಿಗೆ ವಿಮೆಯಿದೆ. ಬೈಕಿನ ವಿಮೆ ಮುಗಿದು ತಿಂಗಳುಗಳಾಗಿವೆ, ಅದರ ಮಾಲೀಕನೂ ಸವಾರನೇ, ಅವನು ದಿನಗೂಲಿಯವನು.

ನ್ಯಾಯಮಂಡಳಿಯು ಲಾರಿ ಚಾಲಕನ ತಪ್ಪು ಶೇಕಡ 60, ಬೈಕ್ ಸವಾರನದು ಶೇಕಡ 40 ಎಂದು ಕಂಡುಕೊಂಡಿದೆ ಎನ್ನೋಣ. ಚಿಕಿತ್ಸೆ, ಕೃತಕ ಕಾಲು, ದುಡಿಮೆಯ ನಷ್ಟ, ನೋವು ಇವೆಲ್ಲ ಸೇರಿ ಹಿಂಬದಿ ಸವಾರನ ಪರಿಹಾರ 15 ಲಕ್ಷ ರೂಪಾಯಿ, ಬೈಕ್ ಸವಾರನ ಸ್ವಂತ ಗಾಯಕ್ಕೆ 5 ಲಕ್ಷ ರೂಪಾಯಿ ಎಂದು ಲೆಕ್ಕ ಹಾಕಿದೆ.

ಸವಾರನಿಗೆ ಸಿಗುವುದು 5 ಲಕ್ಷದಲ್ಲಿ ಶೇಕಡ 60, ಅಂದರೆ 3 ಲಕ್ಷ. ಹಿಂಬದಿ ಸವಾರನದನ್ನು ಹೀಗೆ ಲೆಕ್ಕ ಹಾಕುವಂತಿಲ್ಲ. ಲಾರಿಯ ವಿಮಾ ಕಂಪನಿ ‘ನಮ್ಮ ಪಾಲು ಶೇಕಡ 60, ಆದ್ದರಿಂದ 9 ಲಕ್ಷ ಕೊಡುತ್ತೇವೆ, ಉಳಿದ 6 ಲಕ್ಷವನ್ನು ಬೈಕಿನವನಿಂದ ಪಡೆದುಕೊಳ್ಳಲಿ’ ಎಂದು ವಾದಿಸುವುದು ವಾಡಿಕೆ. ಈ ವಾದವನ್ನು ಒಪ್ಪಿದರೆ ಕಾಲು ಕಳೆದುಕೊಂಡವನು ದಿನಗೂಲಿಯವನ ಮನೆ ಬಾಗಿಲಿಗೆ ಅಲೆಯಬೇಕಾಗುತ್ತದೆ, ಆ 6 ಲಕ್ಷ ಕಾಗದದ ಮೇಲೆಯೇ ಉಳಿಯುತ್ತದೆ. ಜಂಟಿ ಮತ್ತು ಪ್ರತ್ಯೇಕ ಹೊಣೆಗಾರಿಕೆಯಂತೆ ಲಾರಿಯ ವಿಮಾ ಕಂಪನಿ ಪೂರ್ತಿ 15 ಲಕ್ಷವನ್ನು ಬಡ್ಡಿಸಹಿತ ಹಿಂಬದಿ ಸವಾರನಿಗೆ ಕೊಡಬೇಕು. ಆಮೇಲೆ 6 ಲಕ್ಷ ಮತ್ತು ಅದರ ಬಡ್ಡಿಯನ್ನು ಬೈಕಿನ ಮಾಲೀಕನಿಂದ ಅದು ವಸೂಲು ಮಾಡಿಕೊಳ್ಳಬಹುದು. ಆ ಮಾಲೀಕನ ಕೈಯಲ್ಲಿ ಹಣವಿಲ್ಲದಿದ್ದರೆ ನಷ್ಟ ಕಂಪನಿಯದು. ಇಬ್ಬರು ತಪ್ಪಿತಸ್ಥರಲ್ಲಿ ಒಬ್ಬ ನಿರ್ಗತಿಕನಾಗಿದ್ದರೆ ಆ ನಷ್ಟವನ್ನು ಯಾರು ಹೊರಬೇಕು ಎಂಬುದೇ ಇಡೀ ವಿವಾದದ ತಿರುಳು. ತಪ್ಪೇ ಮಾಡದವನಿಗಿಂತ ಭಾಗಶಃ ತಪ್ಪು ಮಾಡಿದವನು ಹೊರಲಿ ಎಂಬುದು ಕಾನೂನಿನ ಉತ್ತರ.

ಬೈಕಿಗೆ ವಿಮೆ ಇದ್ದಿದ್ದರೂ ಒಂದು ತೊಡಕು ಉಳಿಯಬಹುದಿತ್ತು. ಕಾನೂನು ಕಡ್ಡಾಯಗೊಳಿಸಿರುವ ಕನಿಷ್ಠ ವಿಮೆ, ಅಂದರೆ ಆಕ್ಟ್ ಪಾಲಿಸಿ, ಬೈಕಿನ ಹಿಂಬದಿ ಸವಾರನ ಅಪಾಯವನ್ನು ಒಳಗೊಳ್ಳುವುದಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 2006ರ ತಿಲಕ್ ಸಿಂಗ್ ಪ್ರಕರಣದಲ್ಲಿಯೂ 2008ರ ಸುಧಾಕರನ್ ಪ್ರಕರಣದಲ್ಲಿಯೂ ಹೇಳಿದೆ. ಸಮಗ್ರ ಪಾಲಿಸಿಯಿದ್ದರೆ ಸ್ಥಿತಿ ಬೇರೆ. ತನ್ನದೇ ವಾಹನದ ವಿಮೆಗೆ ಹೊರಗಿನವನಾದ ಈ ಸವಾರ ಲಾರಿಯ ವಿಮೆಯ ದೃಷ್ಟಿಯಲ್ಲಿ ಮಾತ್ರ ನಿಸ್ಸಂದೇಹವಾಗಿ ಮೂರನೆಯ ವ್ಯಕ್ತಿ. ಅದಕ್ಕಾಗಿಯೇ ದ್ವಿಚಕ್ರ ವಾಹನಗಳ ಪ್ರಕರಣಗಳಲ್ಲಿ ಎದುರು ವಾಹನದ ವಿಮೆಯಿಂದ ಪೂರ್ಣ ಮೊತ್ತ ಪಡೆಯುವ ಹಕ್ಕು ಹೆಚ್ಚು ಬೆಲೆಯುಳ್ಳದ್ದು.

ಕರ್ನಾಟಕದ ತೀರ್ಪುಗಳು ಮತ್ತು ಖೆನ್ಯೇಯಿ ಪ್ರಕರಣ

ಕರ್ನಾಟಕ ಉಚ್ಚ ನ್ಯಾಯಾಲಯ ಈ ಪ್ರಶ್ನೆಯನ್ನು ಎರಡು ಬಾರಿ ಪೂರ್ಣ ಪೀಠದಲ್ಲಿ ವಿಚಾರಿಸಿದೆ. 1999ರಲ್ಲಿ ವರದಿಯಾದ ಗಣೇಶ್ ಪ್ರಕರಣ ಒಂದು. ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮ ವಿರುದ್ಧ ಅರುಣ್ ಅಲಿಯಾಸ್ ಅರವಿಂದ್ ಎಂಬುದು ಇನ್ನೊಂದು, ಇದು 2004ರಲ್ಲಿ ವರದಿಯಾಗಿದೆ. ಎರಡು ವಾಹನಗಳ ತಪ್ಪಿನಿಂದ ಗಾಯಗೊಂಡವನು ಒಂದು ವಾಹನದವರ ಮೇಲೆ ಮಾತ್ರ ಅರ್ಜಿ ಹಾಕಿ ಪೂರ್ಣ ಪರಿಹಾರ ಕೇಳಬಹುದು, ಇನ್ನೊಂದು ವಾಹನದವರು ಕಕ್ಷಿದಾರರಾಗಿಲ್ಲ ಎಂಬುದು ಅರ್ಜಿಯನ್ನು ವಜಾ ಮಾಡಲು ಕಾರಣವಲ್ಲ ಎಂಬುದು ಇವುಗಳಿಂದ ಸ್ಪಷ್ಟವಾಯಿತು. ಬೇರೆ ಬೇರೆ ಉಚ್ಚ ನ್ಯಾಯಾಲಯಗಳ ನಿಲುವಿನಲ್ಲಿ ಏಕರೂಪತೆ ಇಲ್ಲದಿದ್ದಾಗ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯದ ಮೂವರು ನ್ಯಾಯಮೂರ್ತಿಗಳ ಪೀಠದ ಮುಂದೆ ಬಂತು. ಕರ್ನಾಟಕದ ಪೂರ್ಣ ಪೀಠದ ತೀರ್ಪುಗಳನ್ನೂ ಅದು ಪರಾಮರ್ಶಿಸಿತು.

ಖೆನ್ಯೇಯಿ ಪ್ರಕರಣದ ಮೂಲದಲ್ಲಿದ್ದುದು ಬಸ್ಸು ಮತ್ತು ಟ್ರೈಲರ್ ಲಾರಿಯ ನಡುವಿನ ಡಿಕ್ಕಿ. ನ್ಯಾಯಾಲಯದ ತೀರ್ಮಾನವನ್ನು ಎರಡು ಸನ್ನಿವೇಶಗಳಾಗಿ ನೋಡುವುದು ಸುಲಭ. ಎರಡರಲ್ಲಿಯೂ ಅಡಿಪಾಯ ಒಂದೇ: ಪ್ರಯಾಣಿಕನ ಎದುರಿಗೆ ಹೊಣೆಯನ್ನು ಹಂಚುವಂತಿಲ್ಲ, ಅವನು ಯಾರೊಬ್ಬರಿಂದಲಾದರೂ ಪೂರ್ತಿ ಪಡೆಯಬಹುದು.

ಎರಡೂ ವಾಹನಗಳ ಕಡೆಯವರು ಕಕ್ಷಿದಾರರಾಗಿದ್ದು ಸಾಕಷ್ಟು ಸಾಕ್ಷ್ಯವೂ ಇದ್ದರೆ, ಚಾಲಕರ ತಪ್ಪಿನ ಪ್ರಮಾಣವನ್ನು ನ್ಯಾಯಮಂಡಳಿ ನಿರ್ಧರಿಸಬಹುದು. ಆದರೆ ಆ ಶೇಕಡಾವಾರು ಅಂಕಿ ಅವರವರ ನಡುವಿನ ಲೆಕ್ಕಕ್ಕೆ ಮಾತ್ರ. ಹೀಗೆ ಪ್ರಮಾಣ ನಿಗದಿಯಾಗಿದ್ದರೆ, ಪೂರ್ಣ ಮೊತ್ತ ಕೊಟ್ಟವನು ಇನ್ನೊಬ್ಬನ ಪಾಲಿಗಾಗಿ ಹೊಸ ದಾವೆ ಹೂಡಬೇಕಾಗಿಲ್ಲ. ಅದೇ ಪ್ರಕರಣದ ಅಮಲ್ಜಾರಿ ನಡವಳಿಯಲ್ಲಿ ವಸೂಲು ಮಾಡಿಕೊಳ್ಳಬಹುದು.

ಒಂದೇ ವಾಹನದವರನ್ನು ಕಕ್ಷಿದಾರರನ್ನಾಗಿ ಮಾಡಿದ್ದರೆ, ಎದುರಿಗಿಲ್ಲದ ಚಾಲಕನ ತಪ್ಪಿನ ಪ್ರಮಾಣವನ್ನು ನಿರ್ಧರಿಸಲು ನ್ಯಾಯಮಂಡಳಿ ಹೋಗಬಾರದು. ಅವನ ಮಾತು ಕೇಳದೆ ಅವನ ಮೇಲೆ ಶೇಕಡಾವಾರು ಹೊರಿಸುವುದು ಸಲ್ಲದು. ಪೂರ್ಣ ಮೊತ್ತಕ್ಕೆ ಐತೀರ್ಪು ಆಗುತ್ತದೆ; ಹಣ ಕೊಟ್ಟವನು ಬೇಕಾದರೆ ಇನ್ನೊಬ್ಬನ ಮೇಲೆ ಪ್ರತ್ಯೇಕವಾಗಿ ದಾವೆ ಹೂಡಿಕೊಳ್ಳಬೇಕು.

ಅರ್ಜಿಯ ಹಂತದಲ್ಲಿ

ಮೋಟಾರು ವಾಹನಗಳ ಕಾಯ್ದೆ, 1988ರ 166ನೆಯ ಕಲಮಿನ ಅಡಿಯಲ್ಲಿ ಪ್ರಯಾಣಿಕ ಅಥವಾ ಮೃತನ ವಾರಸುದಾರರು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸುತ್ತಾರೆ. 2019ರ ತಿದ್ದುಪಡಿಯು ಅಪಘಾತವಾದ 6 ತಿಂಗಳೊಳಗೆ ಅರ್ಜಿ ಸಲ್ಲಿಸಬೇಕೆಂಬ ಮಿತಿಯನ್ನು ಕಾಯ್ದೆಗೆ ಮರಳಿ ತಂದಿದೆ. ಐತೀರ್ಪಿನಲ್ಲಿ ವಿಮಾ ಕಂಪನಿ, ಮಾಲೀಕ, ಚಾಲಕ ಇವರಲ್ಲಿ ಯಾರು ಎಷ್ಟು ಕೊಡಬೇಕೆಂಬುದನ್ನು 168ನೆಯ ಕಲಮಿನಂತೆ ನಮೂದಿಸಲಾಗುತ್ತದೆ.

ಒಬ್ಬರ ಮೇಲೆ ಮಾತ್ರ ಅರ್ಜಿ ಹಾಕಲು ಕಾನೂನು ಬಿಟ್ಟಿದೆ ಎಂದ ಮಾತ್ರಕ್ಕೆ ಹಾಗೆ ಮಾಡುವುದು ಜಾಣತನವಲ್ಲ. ಜಂಟಿ ಹೊಣೆ ಹುಟ್ಟಬೇಕಾದರೆ ಆ ಚಾಲಕನ ತಪ್ಪು ಸ್ವಲ್ಪವಾದರೂ ಸಾಬೀತಾಗಬೇಕು. ಲಾರಿಯವನ ಮೇಲೆ ಮಾತ್ರ ಅರ್ಜಿ ಹಾಕಿದ್ದು, ಕೊನೆಗೆ ತಪ್ಪೆಲ್ಲವೂ ಬೈಕಿನವನದು ಎಂದು ಕಂಡುಬಂದರೆ 166ನೆಯ ಕಲಮಿನ ಅರ್ಜಿ ಬಿದ್ದುಹೋಗುತ್ತದೆ, ಅಷ್ಟರಲ್ಲಿ ಬೈಕಿನವನ ಮೇಲೆ ಹೋಗುವ ಅವಧಿಯೂ ಮೀರಿರಬಹುದು. ಸ್ನೇಹಿತನ ಅಥವಾ ಬಂಧುವಿನ ಮೇಲೆ ಅರ್ಜಿ ಹಾಕಲು ಹಿಂಜರಿದು ಅವನನ್ನು ಬಿಟ್ಟುಬಿಡುವುದರಿಂದ ಆಗುವ ತೊಂದರೆ ಇದು. ಒಂದು ವಾಹನ ಡಿಕ್ಕಿ ಹೊಡೆದು ಪರಾರಿಯಾಗಿ ಪತ್ತೆಯಾಗದಿದ್ದಾಗ ಬೇರೆ ದಾರಿಯಿರುವುದಿಲ್ಲ; ಸಿಕ್ಕಿರುವ ವಾಹನದ ಚಾಲಕನ ತಪ್ಪನ್ನು, ಅದು ಸಣ್ಣದೇ ಇರಲಿ, ಸಾಬೀತುಪಡಿಸಿದರೆ ಪೂರ್ಣ ಮೊತ್ತ ದೊರೆಯುತ್ತದೆ. ಶೇಕಡ 10ರಷ್ಟು ತಪ್ಪು ಮಾಡಿದವನೂ ನೂರಕ್ಕೆ ನೂರು ಕೊಡಬೇಕಾಗುತ್ತದೆ ಎಂಬ ವಿಮಾ ಕಂಪನಿಗಳ ದೂರು ಇಲ್ಲಿ ಸುಳ್ಳಲ್ಲ.

ಆದ್ದರಿಂದ ನಿಜವಾದ ಹೋರಾಟ ನಡೆಯುವುದು ಶೂನ್ಯಕ್ಕೂ ಹತ್ತಕ್ಕೂ ನಡುವೆ. ಸಾಕ್ಷ್ಯದಲ್ಲಿ ಮೊದಲು ಬರುವುದು ಪೊಲೀಸರ ದೋಷಾರೋಪ ಪಟ್ಟಿ. ಅದು ಸಾಮಾನ್ಯವಾಗಿ ಒಬ್ಬ ಚಾಲಕನನ್ನು ಮಾತ್ರ ಆರೋಪಿಯಾಗಿಸುತ್ತದೆ. ಆದರೆ ಅದೇ ಅಂತಿಮವಲ್ಲ. ನ್ಯಾಯಮಂಡಳಿ ಸ್ವತಂತ್ರವಾಗಿ ತಪ್ಪನ್ನು ಅಳೆಯುತ್ತದೆ, ಅಲ್ಲಿ ಕ್ರಿಮಿನಲ್ ಮೊಕದ್ದಮೆಯಷ್ಟು ಕಟ್ಟುನಿಟ್ಟಿನ ರುಜುವಾತು ಬೇಕಿಲ್ಲ. ಹೆಚ್ಚು ಮಾತಾಡುವ ದಾಖಲೆಗಳು ಸ್ಥಳ ಮಹಜರು, ಸ್ಥಳದ ನಕ್ಷೆ ಮತ್ತು ಮೋಟಾರು ವಾಹನ ನಿರೀಕ್ಷಕರ ವರದಿ. ರಸ್ತೆಯ ಅಗಲ ಎಷ್ಟು, ವಾಹನ ಯಾವ ಬದಿಯಲ್ಲಿತ್ತು, ಬ್ರೇಕಿನ ಗುರುತು ಎಲ್ಲಿಂದ ಆರಂಭವಾಗುತ್ತದೆ, ಯಾವ ಭಾಗ ನುಜ್ಜಾಗಿದೆ ಎಂಬ ವಿವರಗಳು ಇವುಗಳಲ್ಲಿ ಸಿಗುತ್ತವೆ. ನಮ್ಮ ಉದಾಹರಣೆಯಲ್ಲಿ ಲಾರಿ ಟಾರಿನ ಮೇಲೆ ನಿಂತಿತ್ತೇ, ಪೂರ್ತಿ ಅಂಚಿಗೆ ಸರಿದಿತ್ತೇ ಎಂಬ ನಕ್ಷೆಯ ಒಂದು ಗೆರೆ 15 ಲಕ್ಷವನ್ನು ನಿರ್ಧರಿಸಬಲ್ಲದು.

ಐತೀರ್ಪಿನಲ್ಲಿ ಕಂಡುಬರುವ ದೋಷ

ಪ್ರಯಾಣಿಕನ ಪರಿಹಾರ ಸರಿಯಾಗಿ ಆದೇಶವಾಗಿದೆಯೇ ಎಂಬುದನ್ನು ಐತೀರ್ಪಿನ ಕೊನೆಯ ಆದೇಶ ಭಾಗ ನೋಡಿ ತಿಳಿಯಬಹುದು. ‘ಎದುರುದಾರರು ಜಂಟಿಯಾಗಿ ಮತ್ತು ಪ್ರತ್ಯೇಕವಾಗಿ ಹೊಣೆಗಾರರು’ ಎಂಬ ಅರ್ಥದ ಮಾತು ಅಲ್ಲಿರಬೇಕು. ಇದಕ್ಕೆ ಬದಲು ಒಂದು ಕಂಪನಿ ಶೇಕಡ 60, ಇನ್ನೊಂದು ಶೇಕಡ 40 ಠೇವಣಿ ಇಡಬೇಕು ಎಂದಷ್ಟೇ ಇದ್ದರೆ, ಎರಡೂ ಕಂಪನಿಗಳು ಹಣ ಕಟ್ಟುವವರೆಗೆ ತೊಂದರೆ ಕಾಣುವುದಿಲ್ಲ. ಅವುಗಳಲ್ಲೊಂದು ಮೇಲ್ಮನವಿ ಹೋಗಿ ತಡೆಯಾಜ್ಞೆ ತಂದಾಗ, ಅಥವಾ ಒಂದು ವಾಹನದ ಪಾಲಿಸಿ ನಕಲಿ ಎಂದು ತಿಳಿದಾಗ ಆ ವಾಕ್ಯದ ಕೊರತೆ ಎದ್ದು ಕಾಣುತ್ತದೆ. ಇನ್ನೂ ಕೆಟ್ಟದ್ದು, ಒಂದೇ ವಾಹನದವರು ಕಕ್ಷಿದಾರರಾಗಿರುವಾಗ ‘ಇನ್ನೊಂದು ವಾಹನದ ತಪ್ಪು ಶೇಕಡ 40’ ಎಂದು ಹೇಳಿ ಪ್ರಯಾಣಿಕನ ಮೊತ್ತದಿಂದಲೇ ಅಷ್ಟನ್ನು ಕಳೆಯುವುದು. ಖೆನ್ಯೇಯಿ ತೀರ್ಪು ನೇರವಾಗಿ ನಿಷೇಧಿಸಿರುವುದು ಇದನ್ನೇ, ಉಚ್ಚ ನ್ಯಾಯಾಲಯದ ಮೇಲ್ಮನವಿಯಲ್ಲಿ ಸರಿಪಡಿಸಬಹುದಾದದ್ದೂ ಇದನ್ನೇ.

ಲೋಕ ಅದಾಲತ್ತಿನಲ್ಲಿ ಒಂದು ಕಂಪನಿಯೊಂದಿಗೆ ಮಾತ್ರ ರಾಜಿಯಾಗುವಾಗಲೂ ಬರವಣಿಗೆ ಮುಖ್ಯ. ಪಡೆದ ಮೊತ್ತ ಇಡೀ ಕ್ಲೇಮಿನ ಪೂರ್ಣ ಇತ್ಯರ್ಥ ಎಂದು ರಾಜಿಪತ್ರದಲ್ಲಿ ಬರೆದುಬಿಟ್ಟರೆ, ಇನ್ನೊಬ್ಬ ತಪ್ಪಿತಸ್ಥನು ಅದನ್ನೇ ಹಿಡಿದು ತನ್ನ ಹೊಣೆಯೂ ಮುಗಿಯಿತು ಎಂದು ವಾದಿಸುತ್ತಾನೆ. ಆ ಕಂಪನಿಯ ಮಟ್ಟಿಗೆ ಮಾತ್ರ ರಾಜಿ, ಉಳಿದವರ ಮೇಲಿನ ಹಕ್ಕು ಉಳಿದಿದೆ ಎಂದು ಸ್ಪಷ್ಟವಾಗಿ ನಮೂದಿಸಿದರೆ, ಈಗಾಗಲೇ ಬಂದ ಹಣವನ್ನು ಕಳೆದು ಬಾಕಿಯನ್ನು ಇನ್ನೊಬ್ಬರಿಂದ ಕೇಳಲು ಎಡೆಯಿರುತ್ತದೆ.

ಇತರ ದೇಶಗಳಲ್ಲಿ

ಹಣವಂತನ ಮೇಲೆ ಅವನ ತಪ್ಪಿಗೆ ಮೀರಿದ ಭಾರ ಬೀಳುತ್ತದೆ ಎಂಬ ಟೀಕೆ ಕೆಲವೆಡೆ ಶಾಸನವನ್ನು ಬದಲಿಸಿದೆ. ಅಮೆರಿಕದ ಹಲವು ರಾಜ್ಯಗಳು ಈ ತತ್ತ್ವವನ್ನು ಕಿತ್ತುಹಾಕಿವೆ ಅಥವಾ ಮಿತಿಗೊಳಿಸಿವೆ. ಕ್ಯಾಲಿಫೋರ್ನಿಯದಲ್ಲಿ 1986ರ ಜನಮತದಿಂದ ಬಂದ ನಿಯಮದಂತೆ ಚಿಕಿತ್ಸೆ, ದುಡಿಮೆಯ ನಷ್ಟಗಳಿಗೆ ಪ್ರತಿಯೊಬ್ಬನೂ ಪೂರ್ಣ ಹೊಣೆ. ನೋವು ಮತ್ತು ಯಾತನೆಯ ಪರಿಹಾರಕ್ಕೆ ಮಾತ್ರ ಅವರವರ ತಪ್ಪಿನ ಪ್ರಮಾಣದಷ್ಟೇ ಹೊಣೆ. ಆಸ್ಟ್ರೇಲಿಯದ ರಾಜ್ಯಗಳು ಪ್ರಮಾಣಾನುಸಾರ ಹೊಣೆಯನ್ನು ಆರ್ಥಿಕ ನಷ್ಟ ಮತ್ತು ಆಸ್ತಿ ಹಾನಿಗಳಿಗೆ ತಂದಿದ್ದರೂ ದೇಹಕ್ಕಾದ ಗಾಯಗಳನ್ನು ಅದರಿಂದ ಹೊರಗಿಟ್ಟಿವೆ. ಇಂಗ್ಲೆಂಡಿನಲ್ಲಿ ಪೂರ್ಣ ಹೊಣೆಯ ನಿಯಮ ಉಳಿದಿದ್ದು, ತಪ್ಪಿತಸ್ಥರ ನಡುವಿನ ಹಂಚಿಕೆಯನ್ನು 1978ರ ಶಾಸನ ನಿಯಂತ್ರಿಸುತ್ತದೆ.